ತಳದಿಂದ ಬಿಚ್ಚಿದ ಪೆಟ್ಟಿಗೆ

ಅಂಗಡಿಯವನು ಪೆಟ್ಟಿಗೆಯನ್ನು ಮೇಲಿನಿಂದ ಬಿಚ್ಚುವುದಿಲ್ಲ. ಗಿರಾಕಿಯ ಕಣ್ಣು ಯಾವಾಗಲೂ ಮೇಲಿನ ಟೇಪಿನ ಮೇಲೆ ಇರುತ್ತದೆ. ಅದು ಕಂಪನಿಯಿಂದ ಬಂದ ಹಾಗೆಯೇ ಇದ್ದರೆ ಮಾಲು ಹೊಸದು ಎಂದು ಅವನಿಗೆ ನಂಬಿಕೆ. ಆದ್ದರಿಂದ ನಾವು ಪೆಟ್ಟಿಗೆಯನ್ನು ತಲೆಕೆಳಗೆ ಮಾಡಿ, ತಳದ ಟೇಪನ್ನು ಬ್ಲೇಡಿನಿಂದ ಸೀಳಿ, ಮಾಲು ತೆಗೆದು ನೋಡಿ, ಸಡಿಲಾದದ್ದನ್ನು ಬಿಗಿ ಮಾಡಿ, ಮುರಿದದ್ದನ್ನು ಬದಲಿಸಿ, ಮತ್ತೆ ಒಳಗಿಟ್ಟು ಅದೇ ಅಗಲದ ಟೇಪು ಹಚ್ಚುತ್ತಿದ್ದೆವು. ಗಡಿನಾಡಿನ ಜತ್ತದ ಪೇಟೆಯಲ್ಲಿ ಔಷಧ ಹೊಡೆಯುವ ಪಂಪುಗಳನ್ನು ಮಾರುತ್ತ, ರಿಪೇರಿ ಮಾಡುತ್ತ ನಾನು ನನ್ನ ಆಯುಷ್ಯ ಕಳೆದೆ. ಈ ಕೆಲಸವನ್ನು ನಾನು ಯಾವತ್ತೂ ಮೋಸ ಎಂದು ತಿಳಿದಿರಲಿಲ್ಲ. ಗಿರಾಕಿಗೆ ತೊಂದರೆಯಾಗಬಾರದೆಂದು ಮಾಡುವ ಸೇವೆ ಎಂದೇ ತಿಳಿದಿದ್ದೆ. ಒಂದು ಅರ್ಥದಲ್ಲಿ ಅದು ಸೇವೆಯೂ ಹೌದು. ಆದರೆ ಆ ಮಾಲು ಹುಟ್ಟುತ್ತಲೇ ಕೆಟ್ಟಿತ್ತು ಎನ್ನುವುದನ್ನು ನಾನು ಯಾವ ಗಿರಾಕಿಗೂ ಹೇಳಲಿಲ್ಲ. ಈ ವಯಸ್ಸಿನಲ್ಲಿ ಬರೆಯಲು ಕುಳಿತದ್ದು ಅದಕ್ಕೇ.

ಮೊಣಕಾಲು ಕೈಕೊಟ್ಟ ಮೇಲೆ ಅಂಗಡಿ ಮುಚ್ಚಿದೆ. ಮಗ ಡೈರಿಯ ಹಾಲಿನ ಗಾಡಿ ಓಡಿಸುತ್ತಾನೆ, ಬೆಳಗ್ಗೆ ಹೋದರೆ ಸಂಜೆಗೆ ಬರುತ್ತಾನೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ಸೊಸೆ. ಸೊಸೆ ಇಂಡಿ ತಾಲ್ಲೂಕಿನ ಕಡೆಯವಳು. ಮಾಸ್ತರಿಕೆಯ ಶಿಕ್ಷಣ ಮುಗಿಸಿದ್ದಾಳೆ, ನೌಕರಿ ಬಂದಿಲ್ಲ. ಒಂದು ದಿನ ರಾಶಿಗೆ ಹೊದಿಸಲು ಮನೆಗೆ ತಂದ ತಾಡಪತ್ರಿಯನ್ನು ಬಿಚ್ಚುವಾಗ ಫೋನಿನಲ್ಲಿ ವಿಡಿಯೋ ಮಾಡಿ, ಅದು ಚೀಟಿಯಲ್ಲಿ ಬರೆದದ್ದಕ್ಕಿಂತ ಎರಡು ಗೇಣು ಗಿಡ್ಡ ಇದೆ ಎಂದು ಅಳತೆಯ ಟೇಪು ಹಿಡಿದು ತೋರಿಸಿದಳು. ಅದನ್ನು ಸುತ್ತಲಿನ ಊರಿನವರು ಒಬ್ಬರಿಗೊಬ್ಬರು ಕಳಿಸಿದರು. ಅಲ್ಲಿಂದ ಅದೇ ಅವಳ ಕೆಲಸವಾಯಿತು. ರೈತರು ಕೊಳ್ಳುವ ಸಾಮಾನುಗಳನ್ನು ಪೆಟ್ಟಿಗೆಯಿಂದ ಬಿಚ್ಚಿ ತೋರಿಸುವುದು, ಕನ್ನಡದಲ್ಲಿ ಮಾತಾಡುವುದು, ಕೆಳಗೆ ಮರಾಠಿಯಲ್ಲಿ ಬರೆದು ಹಾಕುವುದು. ನನ್ನ ಹಳೆಯ ಗೋದಾಮಿನ ಖೋಲಿಯೇ ಅವಳ ಜಾಗ. ಬಾಗಿಲಿನ ಬೆಳಕಿಗೆ ಎದುರಾಗಿ ಒಂದು ಮೇಜು, ಹಿಂದೆ ಗೋಡೆಗೆ ಬಿಳಿ ಚಾದರ, ಫೋನು ನಿಲ್ಲಿಸಲು ಮೂರು ಕಾಲಿನ ಸ್ಟ್ಯಾಂಡು.

ಮೊದಮೊದಲು ನಾನು ನಗುತ್ತಿದ್ದೆ. ಮಾಲು ಬಿಚ್ಚುವುದನ್ನು ಯಾರು ನೋಡುತ್ತಾರೆ? ನಾನು ದಿನಕ್ಕೆ ಹತ್ತು ಬಿಚ್ಚುತ್ತಿದ್ದೆ, ನಾಯಿಯೂ ತಿರುಗಿ ನೋಡುತ್ತಿರಲಿಲ್ಲ.

ಆದರೆ ಅವಳ ನೋಟಬುಕ್ಕು ನೋಡಿದ ಮೇಲೆ ನಗುವುದು ಬಿಟ್ಟೆ. ಪ್ರತಿ ವಿಡಿಯೋಕ್ಕೂ ಅವಳು ಮೊದಲು ಬರೆಯುತ್ತಾಳೆ. ಪುಟದ ನಡುವೆ ಪಟ್ಟಿ ಹಿಡಿದು ಗೆರೆ ಎಳೆದು, ಎಡಕ್ಕೆ ‘ಕಾಣೋದು’, ಬಲಕ್ಕೆ ‘ಹೇಳೋದು’ ಎಂದು ಬರೆಯುತ್ತಾಳೆ. ಎಡಗಡೆ ಫೋನು ಏನು ತೋರಿಸಬೇಕು ಎನ್ನುವುದು. ಬಲಗಡೆ ಅದೇ ಹೊತ್ತಿಗೆ ಬಾಯಿಂದ ಬರಬೇಕಾದ ಮಾತು. ಎಡಕ್ಕೆ ಇಲ್ಲದ್ದು ಬಲಕ್ಕೆ ಬರಕೂಡದು. ಇದು ಅವಳ ಕಾಯಿದೆ.

ಮೊದಲ ಸಾಲು ಯಾವಾಗಲೂ ಮಾಲು ಎಲ್ಲಿಂದ ಬಂತು ಎನ್ನುವುದು. ನಾವೇ ಕೊಂಡದ್ದೋ, ಯಾರಾದರೂ ಪುಕ್ಕಟೆ ಕಳಿಸಿದ್ದೋ. ಎರಡನೆಯದು ಬಿಚ್ಚದ ಪೆಟ್ಟಿಗೆ. ಅದರ ನಾಲ್ಕೂ ಮೈ ಮತ್ತು ಮೇಲಿನ ಟೇಪು ತೋರಿಸಿ, ಟೇಪು ಕತ್ತರಿಸುವಲ್ಲಿಂದ ಒಳಗಿನ ಕಡೆಯ ತುಣುಕು ಹೊರಗೆ ಬರುವ ತನಕ ವಿಡಿಯೋ ಎಲ್ಲಿಯೂ ತುಂಡಾಗಬಾರದು. ಆಮೇಲೆ ಪರೀಕ್ಷೆ. ಪರೀಕ್ಷೆಯ ಸಾಲುಗಳಿಗೆ ಎಡಗಡೆ ಮಾತ್ರ ಬರೆದು ಬಲಗಡೆ ಖಾಲಿ ಬಿಡುತ್ತಾಳೆ.

“ಇಲ್ಲಿ ಯಾಕ ಖಾಲಿ ಬಿಟ್ಟಿ?” ಎಂದು ನಾನು ಕೇಳಿದ್ದೆ.

“ನೋಡೂಕಿಂತ ಮೊದಲ ಬರದ್ರ, ಕಣ್ಣು ಬರದದ್ದನ್ನ ಹುಡುಕ್ತಾವ್ರಿ ಮಾವಾರ. ನೋಡಿದ ಮ್ಯಾಲ ತುಂಬತೀನಿ.”

“ಮತ್ತ ದೋಷ ಮೊದಲ ಹೇಳ್ತಿ, ಚಲೋದು ಆಮ್ಯಾಲ ಹೇಳ್ತಿ. ಹಿಂಗ ಅಂಗಡಿ ನಡಸಿದ್ರ ನಾವು ಉಪವಾಸ ಬೀಳ್ತಿದ್ವಿ.”

“ದೋಷ ಕಡೀಕ ಇಟ್ರ ಅಷ್ಟೊತ್ತಿಗೆ ಮಂದಿ ಎದ್ದು ಹೋಗಿರ್ತಾರ್ರಿ. ತಗೊಳ್ಳಾಂವಗ ಬೇಕಾದ್ದು ಅದ ಅಲ್ರಿ?”

ಒಳಗಿನಿಂದ ನನ್ನ ಹೆಂಡತಿ ಕೂಗಿದಳು: “ಅಕಿಗೆ ಧಂದೆ ಕಲಸಾಕ ಹೋಗಬ್ಯಾಡ್ರಿ. ನಿಮ್ಮ ಕಡಿಂದ ಕಲತ್ರ ಅಕಿ ಫೋನಿಗೂ ಬೀಗ ಬೀಳತದ.”

ಇಂಥದ್ದರಲ್ಲಿ ಒಂದು ಬ್ಯಾಟರಿ ಪಂಪು ಬಂತು. ಸಾಂಗಲಿಯ ಕಡೆಯ ಒಬ್ಬ ವ್ಯಾಪಾರಿ ನನ್ನ ಹಳೆಯ ಪರಿಚಯದವನು. ಸೊಸೆಯ ವಿಡಿಯೋದ ಸುದ್ದಿ ಅವನ ತನಕ ಹೋಗಿತ್ತು. ನನಗೇ ಫೋನು ಮಾಡಿ, ಹೊಸ ಮಾದರಿಯ ಪಂಪು ಕಳಿಸುತ್ತೇನೆ, ನಿನ್ನ ಸೊಸೆ ತೋರಿಸಲಿ ಎಂದ. ನಾನು ಉಬ್ಬಿಹೋದೆ. ಅಂಗಡಿ ಮುಚ್ಚಿದ ಮೇಲೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಸೊಸೆ ಒಪ್ಪಿದಳು. ಆದರೆ ಪುಕ್ಕಟೆ ಬಂದದ್ದೆಂದು ಹೇಳುತ್ತೇನೆ, ವಿಡಿಯೋ ಹಾಕುವ ಮೊದಲು ಅವರಿಗೆ ತೋರಿಸುವುದಿಲ್ಲ ಎಂದು ಎರಡು ಮಾತು ಹಾಕಿದಳು. ಅವನು ಆಗಲಿ ಎಂದ.

ಪೆಟ್ಟಿಗೆ ಬಂದ ಮರುದಿನ ಅಮಾವಾಸ್ಯೆ. ಅತ್ತೆ ಸೊಸೆ ಇಬ್ಬರೂ ಗುಡ್ಡಾಪುರಕ್ಕೆ ದಾನಮ್ಮನ ದರ್ಶನಕ್ಕೆ ಹೋದರು. ನಾನು ಮನೆಯಲ್ಲಿ ಒಬ್ಬನೇ. ಪೆಟ್ಟಿಗೆ ಗೋದಾಮಿನ ಮೇಜಿನ ಮೇಲೆ ಕುಳಿತಿತ್ತು. ಊಟ ಮಾಡಿ ಎರಡು ಸಲ ಅದರ ಸುತ್ತ ತಿರುಗಾಡಿದೆ. ಮೂರನೆಯ ಸಲ ನನ್ನ ಕೈಯಲ್ಲಿ ಬ್ಲೇಡು ಇತ್ತು.

ಕೈಗೆ ರೂಢಿ ಇದ್ದ ಹಾಗೆ ಪೆಟ್ಟಿಗೆಯನ್ನು ತಲೆಕೆಳಗೆ ಮಾಡಿದೆ. ತಳ ಸೀಳಿದೆ. ಪಂಪಿಗೆ ನೀರು ತುಂಬಿ, ಮುಚ್ಚಳ ತಿರುಗಿಸಿ, ಬೆನ್ನಿಗೆ ಹಾಕಿಕೊಂಡು ಗಿಡದ ಬುಡಕ್ಕೆ ಬಾಗುವವನ ಹಾಗೆ ಬಾಗಿದೆ. ತಣ್ಣಗೆ ನೀರು ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಮುಚ್ಚಳ ತೆಗೆದು ನೋಡಿದರೆ ಒಳಗಿನ ವಾಶರು ಹಪ್ಪಳದಷ್ಟು ತೆಳ್ಳಗೆ. ಮುಚ್ಚಳ ತಿರುಗಿಸುವಾಗ ಒಂದು ಕಡೆ ಮಡಚಿಕೊಳ್ಳುತ್ತಿತ್ತು. ಆ ಸಂದಿನಲ್ಲಿ ನೀರು ಹೊರಬರುತ್ತಿತ್ತು.

ನನ್ನ ಹಳೆಯ ವಾಶರುಗಳ ಡಬ್ಬಿ ಈಗಲೂ ಇದೆ. ಅದರಲ್ಲಿ ಅಳತೆಗೆ ಸರಿಯಾದ ದಪ್ಪ ಕರಿ ವಾಶರು ಸಿಕ್ಕಿತು. ಹಾಕಿ ಮತ್ತೆ ಬಾಗಿದೆ. ಒಂದು ಹನಿ ಇಲ್ಲ. ಪಂಪಿನ ಒಳಗನ್ನು ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಇಟ್ಟು ಒಣಗಿಸಿ, ಮೊದಲಿದ್ದ ಹಾಗೆಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತಳಕ್ಕೆ ಟೇಪು ಹಚ್ಚಿದೆ. ತೆಗೆದ ವಾಶರನ್ನು ಡಬ್ಬಿಗೆ ಹಾಕಿದೆ. ಅಂಗಡಿಯವನು ಏನನ್ನೂ ಬಿಸಾಡುವುದಿಲ್ಲ.

ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಏನಿತ್ತು ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಸೊಸೆಗೆ ನಾಚಿಕೆ ಆಗಬಾರದು ಎಂದುಕೊಂಡೆ ಎಂದು ಹೇಳಬಹುದು. ಅದು ಅರ್ಧ ಮಾತು. ನಾನು ತರಿಸಿದ ಮಾಲು ಕೆಟ್ಟದ್ದು ಎಂದು ಊರಿಗೆ ಕಾಣಬಾರದಿತ್ತು. ಇದು ಉಳಿದ ಅರ್ಧ.

ಎರಡು ದಿನ ಬಿಟ್ಟು ವಿಡಿಯೋ ಆಯಿತು. ಸೊಸೆ ಪೆಟ್ಟಿಗೆಯ ನಾಲ್ಕೂ ಮೈ ತೋರಿಸಿದಳು. ಮೇಲಿನ ಟೇಪು ಹತ್ತಿರದಿಂದ ತೋರಿಸಿದಳು. ಪೆಟ್ಟಿಗೆ ಮೇಜಿನ ಮೇಲೆ ಕುಳಿತಿತ್ತು, ತಳವನ್ನು ಯಾರು ನೋಡುತ್ತಾರೆ? ತೂಕ ಮಾಡಿದಳು, ಅಳತೆಯ ಕೊಡದಿಂದ ನೀರು ಹಾಕಿ ಪಂಪಿನ ಟಾಕಿಯ ಮೇಲೆ ಬರೆದಷ್ಟು ನೀರು ಹಿಡಿಯುವುದಿಲ್ಲ ಎಂದು ತೋರಿಸಿದಳು. ಹೆಗಲ ಪಟ್ಟಿ ತೆಳು, ಚಾರ್ಜರಿನ ವಾಯರು ಗಿಡ್ಡ ಎಂದಳು. ಆಮೇಲೆ ನನ್ನನ್ನು ಕರೆದಳು.

“ಮಾವಾರ, ನೀವು ಹೊತ್ತುಕೊಳ್ರಿ. ನಾ ಫೋನ್ ಹಿಡೀಬೇಕು. ಬಾಗ್ರಿ… ಇನ್ನೂ ಸ್ವಲ್ಪ ಬಾಗ್ರಿ. ಮೊಣಕಾಲು ನೂಸ್ತಾವೇನ್ರಿ?”

“ಇಲ್ಲವಾ, ಹಿಡಿ ಲಗೂನ.”

ನಾನು ಬಾಗಿದೆ. ಅವಳು ನನ್ನ ಬೆನ್ನಿನ ಮೇಲೆ ಕೈಯಾಡಿಸಿ, ಅಂಗೈಯನ್ನು ಫೋನಿಗೆ ತೋರಿಸಿದಳು.

“ಮುಚ್ಚಳದಿಂದ ಏನೂ ಸೋರಿಲ್ಲ. ನಮ್ಮ ಮಾವಾರ ಅಂಗಿ ಒಣಗೇ ಅದ, ನೋಡ್ರಿ.”

ನೋಟಬುಕ್ಕಿನ ಖಾಲಿ ಜಾಗದಲ್ಲಿ ಅದನ್ನು ಬರೆದುಕೊಂಡಳು. ಎಡಕ್ಕೆ ಕಂಡದ್ದನ್ನೇ ಬಲಕ್ಕೆ ಬರೆದಳು. ಅವಳ ಕಡೆಯಿಂದ ಎಳ್ಳಷ್ಟೂ ಸುಳ್ಳಿಲ್ಲ. ಕಡೆಗೆ, ಒಂದು ದಿನದ ಪರೀಕ್ಷೆಯಿಂದ ಬ್ಯಾಟರಿ ಎಷ್ಟು ತಿಂಗಳು ಬಾಳುತ್ತದೆ ಎಂದು ನನಗೆ ಗೊತ್ತಿಲ್ಲ, ದೊಡ್ಡ ಬಾಗ, ಎಂದರೆ ಹಣ್ಣಿನ ತೋಟ, ಇದ್ದವರಿಗೆ ಇದು ಸಾಲದು, ಸಣ್ಣ ಬಾಗದವರಿಗೆ ಆಗಬಹುದು ಎಂದು ಹೇಳಿ ಮುಗಿಸಿದಳು.

ಈಗ ನನ್ನನ್ನು ಚುಚ್ಚುವುದು ಇದೇ. ಅವಳು ಸಣ್ಣ ಸಣ್ಣ ದೋಷಗಳನ್ನು ಬಿಡದೆ ಹೇಳಿದ್ದಳು. ವಾಯರು ಗಿಡ್ಡ ಎಂದು ಹೇಳುವವಳು ಸೋರುವುದನ್ನು ಮುಚ್ಚಿಡುತ್ತಾಳೆಯೇ ಎಂದು ಮಂದಿ ನಂಬಿದರು. ಅವಳ ನಿಜಗಳೆಲ್ಲ ಸೇರಿ ನನ್ನ ಒಂದು ಸುಳ್ಳನ್ನು ಹೊತ್ತುಕೊಂಡು ಹೋದವು.

ಮೂರು ವಾರ ಆಗಿರಬೇಕು. ಬೆಳಗ್ಗೆ ನಾಷ್ಟಾ ಮುಗಿದಿತ್ತು. ಯಳವಿ ಎಂಬ ಊರಿನ ಒಬ್ಬ ಹೆಣ್ಣುಮಗಳು ಪಂಪು ಹಿಡಿದುಕೊಂಡು ಬಾಗಿಲಿಗೆ ಬಂದಳು. ಗಂಡ ಇಲ್ಲ, ಅರ್ಧ ಎಕರೆ ದಾಳಿಂಬೆಯನ್ನು ತಾನೇ ನೋಡಿಕೊಳ್ಳುತ್ತಾಳೆ. ಹೊಲದ ಕೆಲಸಕ್ಕೆ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಾರಲ್ಲ, ಅಂಥದೊಂದು ಬಿಳಿ ಅಂಗಿಯನ್ನು ಮಡಚಿ ಕೈಯಲ್ಲಿ ಹಿಡಿದಿದ್ದಳು. ಕಟ್ಟೆಯ ಮೇಲೆ ಅದನ್ನು ಹರವಿದಳು. ಕುತ್ತಿಗೆಯಿಂದ ಸೊಂಟದ ತನಕ ನೀಲಿ. ದಾಳಿಂಬೆಗೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ನೀರು.

“ನೋಡವಾ ತಂಗಿ, ನಿನ್ನ ಪಂಪ ನನಗ ಬಣ್ಣ ಆಡ್ಯದ” ಎಂದಳು. ನಗುತ್ತಲೇ ಹೇಳಿದಳು. ಆದರೆ ಕೂಡುವಾಗ ಗೋಡೆಗೆ ಬೆನ್ನು ಹಚ್ಚಲಿಲ್ಲ.

ಸೊಸೆ ಮೊದಲು ಅಂಗಿಯನ್ನು ನೋಡಲಿಲ್ಲ. “ಲಗೂನ ತೊಳಕೊಂಡ್ರಿಲ್ರಿ? ದವಾಖಾನಿಗೆ ಹೋಗಿದ್ರಿ?” ಎಂದು ಕೇಳಿದಳು.

“ತೊಳಕೊಂಡೆ. ಉರೀತು ಎರಡ ದಿನ. ಡಾಕ್ಟರ ಮುಲಾಮ ಕೊಟ್ಟಾರ, ಈಗ ಕಡಿಮಿ ಅದ. ಅದಲ್ಲ ನಾ ಬಂದದ್ದು. ನೀ ಅವತ್ತ ಕೈ ಆಡಿಸಿ ತೋರಿಸಿದಿ, ಈ ಕಾಕಾನ ಅಂಗಿ ಒಣಗಿತ್ತು. ಅದನ್ನ ನೋಡಿ ತಂದೆ. ಈಗ ನಂದು ಯಾಕ ಹಸಿ ಆತು? ನಾ ಮುಚ್ಚಳ ತಪ್ಪ ಹಾಕ್ತೀನೇನು? ಹೇಳಿಕೊಡು, ಕಲೀತೀನಿ.”

ಅವಳು ಜಗಳಕ್ಕೆ ಬಂದಿರಲಿಲ್ಲ. ತಪ್ಪು ತನ್ನದೇ ಇರಬೇಕು, ಕಲಿತುಕೊಂಡು ಹೋಗೋಣ ಎಂದು ಬಂದಿದ್ದಳು. ನಾನು ಅಲ್ಲಿಯೇ ಕುರ್ಚಿಯ ಮೇಲೆ ಕುಳಿತಿದ್ದೆ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವಳಿಗೆ ಚಹಾ ತರಲು ಎದ್ದು ಒಳಗೆ ಹೋದೆ. ನನ್ನ ಮನೆಯಲ್ಲಿ ನಾನು ಚಹಾ ತಂದದ್ದು ಅದೇ ಮೊದಲು. ಹೆಂಡತಿ ನನ್ನ ಮುಖವನ್ನೇ ನೋಡಿದಳು.

ತಿರುಗಿ ಬರುವಷ್ಟರಲ್ಲಿ ಸೊಸೆ ನಮ್ಮ ಪಂಪನ್ನು ತಂದು ಎರಡೂ ಮುಚ್ಚಳಗಳನ್ನು ಪಕ್ಕದಲ್ಲಿ ಇಟ್ಟಿದ್ದಳು. ಯಳವಿಯವಳದರಲ್ಲಿ ತೆಳ್ಳನ್ನ ಬೂದಿ ಬಣ್ಣದ ವಾಶರು. ನಮ್ಮದರಲ್ಲಿ ದಪ್ಪ ಕರಿ ವಾಶರು.

“ನಿಮ್ಮ ತಪ್ಪು ಏನಿಲ್ರಿ ಅಕ್ಕಾರ” ಎಂದಳು ಸೊಸೆ. “ನನಗ ಕಳಿಸಿದ ಪೀಸ್ ಬ್ಯಾರೆ, ನಿಮಗ ಮಾರಿದ ಪೀಸ್ ಬ್ಯಾರೆ. ಇದನ್ನ ನಾ ಬಿಡೂದಿಲ್ಲ.”

ಪಂಪನ್ನು ಬಿಟ್ಟು ಹೋಗಿರಿ, ಅದನ್ನು ಬಳಸಬೇಡಿ ಎಂದು ಹೇಳಿ ಅವಳನ್ನು ಕಳಿಸಿದಳು. ಆಮೇಲೆ ಹಳೆಯ ವಿಡಿಯೋದ ಕೆಳಗೆ, ಎಲ್ಲರಿಗೂ ಮೊದಲು ಕಾಣುವ ಹಾಗೆ, ಮುಚ್ಚಳ ಸೋರುತ್ತದೆ ಎಂದು ದೂರು ಬಂದಿದೆ, ತಿಳಿಯುವ ತನಕ ಇದನ್ನು ಕೊಳ್ಳಬೇಡಿ ಎಂದು ಬರೆದು ಹಾಕಿದಳು. ನೋಟಬುಕ್ಕು ತೆಗೆದು ಗೆರೆ ಎಳೆದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಬರೆಯುತ್ತ ಗಟ್ಟಿಯಾಗಿ ಓದುತ್ತಾಳೆ, ಬಾಯಿಗೆ ಸರಿ ಬರುತ್ತದೆಯೋ ಇಲ್ಲವೋ ನೋಡಲು.

“ವ್ಯಾಪಾರಿಗಳು ವಿಡಿಯೋಕ್ಕ ಅಂತ ಆರಿಸಿದ ಪಂಪ ನನಗ ಕಳಿಸಿದ್ರು. ನಿಮಗ ಮಾರೂದು ಬ್ಯಾರೆ ಮಾಲ.” ಬಲಗಡೆ ಇಷ್ಟು ಬರೆದಳು. ಎಡಗಡೆಗೆ ಪೆನ್ನು ತಂದಳು. ಅಲ್ಲಿ ಪೆನ್ನು ನಿಂತಿತು.

ಆ ವ್ಯಾಪಾರಿ ಕೆಟ್ಟ ವಾಶರಿನ ಮಾಲು ಮಾರಿದ್ದು ನಿಜ. ಆದರೆ ಅವನು ಆರಿಸಿ ಕಳಿಸಿರಲಿಲ್ಲ. ಆ ಕೆಲಸ ನನ್ನದು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳು ಊರ ಮುಂದೆ ಒಂದು ಸುಳ್ಳು ಆರೋಪ ಮಾಡುತ್ತಿದ್ದಳು, ಅದೂ ಅವಳ ಬಾಯಿಯಿಂದ. ನಾಳೆ ಅವನು ಬಂದು ಪೆಟ್ಟಿಗೆಯನ್ನು ತಿರುಗಿಸಿ ತೋರಿಸಿದರೆ, ಅವಳು ತೋರಿಸಿದ ತಾಡಪತ್ರಿಯನ್ನು ಕೂಡ ಯಾರೂ ನಂಬುತ್ತಿರಲಿಲ್ಲ.

“ಎಡಕ್ಕ ಏನ್ ತೋರಸಲ್ರಿ ಮಾವಾರ?” ಎಂದು ಅವಳು ಕೇಳಿದಳು. “ಅವರು ಆರಿಸಿದ್ದು ನಾ ನೋಡೀನೇನು? ಎರಡು ವಾಶರ ಬ್ಯಾರೆ ಇದ್ದದ್ದು ನೋಡೀನಿ. ಯಾರು ಹಾಕಿದ್ರು ಅನ್ನೂದು ನೋಡಿಲ್ಲ.”

ಬಲಗಡೆ ಬರೆದ ಎರಡು ಸಾಲನ್ನು ಹೊಡೆದುಹಾಕಿದಳು. ಸಿಟ್ಟಿನಲ್ಲಿದ್ದಳು, ಆದರೂ ಹೊಡೆದುಹಾಕಿದಳು. ತನ್ನ ಸಿಟ್ಟಿಗೂ ಅವಳು ಆ ಗೆರೆಯನ್ನು ದಾಟಲು ಬಿಡಲಿಲ್ಲ. ನಾನು ನಲವತ್ತು ವರ್ಷ ಕಲಿಯದ್ದನ್ನು ಆ ಒಂದು ಗೀಟಿನಲ್ಲಿ ಕಂಡೆ.

“ನಾ ಹಾಕೀನವಾ” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನಾನು ಹೋಗಿ ಡಬ್ಬಿ ತಂದು, ಆ ತೆಳ್ಳನ್ನ ವಾಶರನ್ನು ಹುಡುಕಿ ತೆಗೆದು, ನೋಟಬುಕ್ಕಿನ ಎಡಗಡೆಯ ಖಾಲಿ ಜಾಗದಲ್ಲಿ ಇಟ್ಟೆ. ಅಮಾವಾಸ್ಯೆಯ ದಿನ ಏನು ಮಾಡಿದೆ ಎಂದು ಎಲ್ಲವನ್ನೂ ಹೇಳಿದೆ.

ಅವಳು ಆ ವಾಶರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ಎಲ್ಲ ಕೇಳಿಸಿಕೊಂಡಿದ್ದಳು.

“ನಾವು ದೇವರಿಗೆ ಹೋದ್ರ ನೀವು ಇದನ್ನ ಮಾಡಾಕ ಕುಂತಿದ್ರಿ?” ಎಂದಳು. “ಆ ಹೆಣ್ಣಮಗಳು ತಪ್ಪ ನಂದು ಅಂತ ಬಂದು, ನಮ್ಮನ್ಯಾಗ ಚಾ ಕುಡದು ಹೋದಳ್ರಿ. ಆ ಚಾ ನಿಮ್ಮ ಕೈಯಾಗ ಹೆಂಗ ಬಂತು?”

ಸೊಸೆಯ ಕಣ್ಣಲ್ಲಿ ನೀರು ಇತ್ತು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದಳು. ಮಾಳಿಗೆಯ ಮೇಲೆ ಇತ್ತು. ತಂದು ಕೊಟ್ಟೆ.

“ಹೆಂಗ ಬಿಚ್ಚಿದ್ರಿ, ತೋರಸ್ರಿ.”

ತಿರುಗಿಸಿ ತಳ ತೋರಿಸಿದೆ. ನನ್ನ ಟೇಪಿನ ಅಡಿಯಲ್ಲಿ ಕಂಪನಿಯ ಟೇಪು ಸೀಳಿದ್ದು ಹತ್ತಿರ ಹಿಡಿದರೆ ಸ್ಪಷ್ಟ ಕಾಣುತ್ತಿತ್ತು. ಅವಳು ಅದರ ಮೇಲೆ ಬೆರಳು ಆಡಿಸಿದಳು.

“ನಾ ಐದು ಮೈ ತೋರಿಸಿದೆ” ಎಂದಳು. “ಆರನೇದು ಬಿಟ್ಟೆ. ಅದು ನನ್ನ ತಪ್ಪು.”

ಅವಳ ತಪ್ಪು! ಅವಳು ಅದನ್ನು ನೋಟಬುಕ್ಕಿನಲ್ಲಿ ಬರೆದೂಬಿಟ್ಟಳು.

ಹಳೆಯ ವಿಡಿಯೋ ತೆಗೆದುಬಿಡು, ಯಾರಿಗೂ ಗೊತ್ತಾಗುವುದಿಲ್ಲ ಎಂದೆ ನಾನು. ಅಷ್ಟೆಲ್ಲ ಆದ ಮೇಲೂ ನನ್ನ ಬಾಯಿಗೆ ಬಂದದ್ದು ಆ ಮಾತು. ಅವಳು ತಲೆಯಲ್ಲಾಡಿಸಿದಳು. ಅದನ್ನು ನೋಡಿ ಕೊಂಡವರು ಹುಡುಕಿಕೊಂಡು ಬರುವುದು ಅಲ್ಲಿಗೇ. ತೆಗೆದರೆ ಅವರಿಗೆ ಸುದ್ದಿ ಮುಟ್ಟುವುದು ಹೇಗೆ? ಅದು ಅಲ್ಲಿಯೇ ಇರಲಿ, ಅದರ ಹೆಸರಿನಲ್ಲೇ ತಪ್ಪಿದೆ ಎಂದು ಸೇರಿಸುತ್ತೇನೆ, ಕೆಳಗೆ ಹೊಸದರ ಕೊಂಡಿ ಹಾಕುತ್ತೇನೆ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಮಾವಾರ, ನೀವು ಬ್ಯಾಡ ಅಂದ್ರ ನಿಮ್ಮ ಮುಖ ತೋರಸೂದಿಲ್ಲ. ನಮ್ಮ ಮನ್ಯಾಗಿನವರು ಮಾಡಿದ್ರು ಅಂತೀನಿ. ಅದೂ ಸುಳ್ಳಲ್ಲ.”

ಇಡೀ ರಗಳೆಯಲ್ಲಿ ನಾನು ಮರೆಯಲಾರದ ಮಾತು ಇದು. ಅವಳು ನನಗೆ ಬಾಗಿಲು ತೆರೆದಿಟ್ಟಳು, ಒಂದು ಸುಳ್ಳನ್ನೂ ಆಡದೆ.

“ಬೆನ್ನು ತೋರಿಸಿದಾಂವ ನಾ. ಮುಖಾನೂ ನಾನ ತೋರಸ್ತೀನಿ” ಎಂದೆ.

ನನ್ನ ಮಾತನ್ನು ನಾನೇ ಬರೆದುಕೊಳ್ಳುತ್ತೇನೆ ಎಂದು ಕುಳಿತು ಎರಡು ಪುಟ ಬರೆದೆ. ವಯಸ್ಸಾಯಿತು, ಅಂಗಡಿಯ ರೂಢಿ, ಸೊಸೆಯ ಮೇಲಿನ ಮಮತೆ, ಗಿರಾಕಿಯ ಸೇವೆ. ಅವಳು ಓದಿ, ಪೆನ್ನಿನಿಂದ ಒಂದೊಂದಾಗಿ ಹೊಡೆದುಹಾಕಿದಳು.

“ಇದರಾಗ ಯಾವದೂ ಎಡಕ್ಕ ಬರೂದಿಲ್ರಿ. ಏನ್ ಮಾಡಿದ್ರಿ ಅಷ್ಟ ಹೇಳ್ರಿ. ಯಾಕ ಅನ್ನೂದು ಯಾರರ ಕೇಳಿದ್ರ ಹೇಳೂಣು.”

ಎರಡು ಪುಟದಲ್ಲಿ ನಾಲ್ಕು ಸಾಲು ಉಳಿದವು.

ಆದರೆ ಅವಳು ತಕ್ಷಣ ವಿಡಿಯೋ ಮಾಡಲಿಲ್ಲ. ದೋಷ ಒಂದು ಪಂಪಿನದೋ ಎಲ್ಲ ಪಂಪಿನದೋ ನೋಡಬೇಕು ಎಂದಳು. ಮರುದಿನ ಜತ್ತದ ಒಂದು ಅಂಗಡಿಯಿಂದ, ಯಾರಿಗೆಂದು ಹೇಳದೆ, ಅದೇ ಮಾದರಿಯ ಮೂರನೆಯ ಪಂಪನ್ನು ನನ್ನ ಮಗನ ಕೈಯಿಂದ ಕೊಂಡು ತರಿಸಿದಳು. ನಮ್ಮ ಪಂಪಿಗೆ ಹಳೆಯ ತೆಳು ವಾಶರನ್ನೇ ಮತ್ತೆ ಹಾಕಿಸಿದಳು. ಯಳವಿಯವಳ ಪಂಪನ್ನು ಚೆನ್ನಾಗಿ ತೊಳೆದು, ಮೂರಕ್ಕೂ ಒಂದೇ ಅಳತೆಯ ಸಾದಾ ನೀರು ಹಾಕಿ, ಮೂರನ್ನೂ ನನ್ನ ಬೆನ್ನಿಗೆ ಒಂದೊಂದಾಗಿ ಹೊರಿಸಿ, ಪ್ರತಿ ಸಲ ಅಷ್ಟೇ ಹೊತ್ತು ಬಾಗಿಸಿದಳು. ಎರಡರಲ್ಲಿ ಅಂಗಿ ತೊಯ್ದಿತು. ಮೂರನೆಯದರಲ್ಲಿ ನಾಲ್ಕು ಹನಿ ಬಂದವು. ದಪ್ಪ ವಾಶರು ಹಾಕಿ ನೋಡಿದರೆ ಮೂರೂ ಸೋರಲಿಲ್ಲ.

ಆಮೇಲೆ ವ್ಯಾಪಾರಿಗೆ ಫೋನು ಮಾಡಿದಳು. ಏನು ಕಂಡಿತೆಂದು ಹೇಳಿ, ನಿಮ್ಮ ಮಾತು ಏನು, ಅದನ್ನೂ ಹೇಳುತ್ತೇನೆ ಎಂದಳು. ಅವನು ಮೊದಲು ಕೂಗಾಡಿದ. ನಿನ್ನ ಮಾವನೇ ಪೆಟ್ಟಿಗೆ ಒಡೆದಿದ್ದಾನೆ, ನನ್ನ ಮಾಲಿಗೆ ಹೆಸರಿಡುತ್ತೀಯಾ ಎಂದ. ಅವನು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು, ಸೊಸೆ ಅದನ್ನೇ ಹೇಳಿದಳು: “ಖರೇ ಅದ ಸಾಹೇಬ್ರ. ಮಾವಾರು ಮಾಡಿದ್ದು ಮೊದಲ ಹೇಳ್ತೀವಿ. ಆಮ್ಯಾಲ ವಾಶರ.” ಸಂಜೆಗೆ ಅವನೇ ಫೋನು ಮಾಡಿ, ಕೊಂಡವರಿಗೆ ಅಂಗಡಿಯಲ್ಲಿ ದಪ್ಪ ವಾಶರು ಸಿಗುವ ಹಾಗೆ ಮಾಡುತ್ತೇನೆ ಎಂದ.

ಹೊಸ ವಿಡಿಯೋದ ಮೊದಲ ಸಾಲು ಪೆಟ್ಟಿಗೆಯ ತಳ. ಪಕ್ಕದಲ್ಲಿ ನಾನು. ನಾನು ಹೇಳಿದ ನಾಲ್ಕು ಸಾಲು ಇವು: “ಹೋದ ವಿಡಿಯೋದ ಮೊದಲ ಈ ಪೆಟಗಿ ನಾ ತಳದಿಂದ ಬಿಚ್ಚಿದ್ದೆ. ಮುಚ್ಚಳ ಸೋರತಿತ್ತು. ನಾ ಬ್ಯಾರೆ ವಾಶರ ಹಾಕಿ ಮುಚ್ಚಿಟ್ಟೆ. ನಮ್ಮ ಸೊಸಿಗೆ ಇದು ಗೊತ್ತಿರಲಿಲ್ಲ.” ಅವಳು ಕೂಡಲೇ, ಪೆಟ್ಟಿಗೆಯ ತಳ ನೋಡದೆ ಹೊಸದು ಎಂದದ್ದು ತನ್ನ ತಪ್ಪು ಎಂದಳು. ಆಮೇಲೆ ಮೂರು ಪಂಪು, ನನ್ನ ತೊಯ್ದ ಬೆನ್ನು, ವಾಶರು ಹೇಗೆ ಬದಲಿಸುವುದು, ವ್ಯಾಪಾರಿಯ ಮಾತು. ಕಡೆಗೆ, ನಾವು ನೋಡಿದ್ದು ಮೂರೇ, ಎಲ್ಲವೂ ಹೀಗೇ ಎಂದು ಹೇಳಲು ಬರುವುದಿಲ್ಲ, ನಿಮ್ಮ ಪಂಪಿಗೆ ಮೊದಲು ಸಾದಾ ನೀರು ಹಾಕಿ ಬಾಗಿ ನೋಡಿ, ಆಮೇಲೆ ಔಷಧ ಹಾಕಿ ಎಂದಳು.

ಬೈದವರು ಇದ್ದರು. ಮಾವ ಸೊಸೆ ಸೇರಿ ನಾಟಕ ಮಾಡುತ್ತಾರೆ ಎಂದು ಬರೆದವರು ಇದ್ದರು. ಸೊಸೆ ಅವನ್ನು ಅಳಿಸಲಿಲ್ಲ. ಬಿಳೂರಿನ ಒಬ್ಬರು, ‘ಈ ಮುದುಕರ ಅಂಗಡಿಯಲ್ಲಿ ನಾನೂ ಪಂಪು ಕೊಂಡಿದ್ದೆ, ತಳದಿಂದ ಬಿಚ್ಚಿದ್ದೇ ಇರಬೇಕು’ ಎಂದು ಬರೆದಿದ್ದರು. ನಾನೇ ಉತ್ತರ ಬರೆಸಿದೆ: ‘ಇರಬೇಕು. ತಪ್ಪಾಯಿತು.’ ಅವರು ಎರಡು ದಿನ ಬಿಟ್ಟು, ‘ಇನ್ನೂ ನಡೆಯುತ್ತಿದೆ ಬಿಡಿ’ ಎಂದು ಬರೆದರು. ಆ ಒಂದು ಸಾಲನ್ನು ಹೆಂಡತಿಗೆ ಮೂರು ಸಲ ಓದಿಸಿದೆ.

ವಿಡಿಯೋ ಹಾಕುವ ಮೊದಲೇ ನಾನು ಯಳವಿಗೆ ಹೋಗಿ ಬಂದಿದ್ದೆ. ಮಗ ಹಾಲಿನ ಗಾಡಿಯಲ್ಲಿ ಕೂಡಿಸಿಕೊಂಡು ಹೋದ. ಆ ಹೆಣ್ಣುಮಗಳ ಪಂಪನ್ನು ಒಯ್ದು, ಅವಳ ಬಾಗದ ಬದುವಿನ ಮೇಲೆ ಕುಳಿತು ಅವಳೆದುರೇ ದಪ್ಪ ವಾಶರು ಹಾಕಿದೆ, ಮಾಡಿದ್ದನ್ನು ಹೇಳಿದೆ. ಅವಳು ಕೈಯಲ್ಲಿದ್ದ ಕೆಲಸ ಮುಗಿಸಿ ಬಂದು ಮುಚ್ಚಳವನ್ನು ತಿರುವಿ ನೋಡಿದಳು.

“ನಾ ನಾಕ ದಿನ ಮುಚ್ಚಳ ತಿರುವೂದ ಕಲತೆ ಕಾಕಾ” ಎಂದಳು ಆಮೇಲೆ. “ಬಲಕ್ಕ ತಿರುವಿದೆ, ಎಡಕ್ಕ ತಿರುವಿದೆ. ನನಗ ಬುದ್ಧಿ ಇಲ್ಲ ಅನ್ಕೊಂಡೆ.”

ನೀಲಿ ಅಂಗಿಗಿಂತ, ಉರಿದ ಬೆನ್ನಿಗಿಂತ ಇದು ನನಗೆ ಹೆಚ್ಚು ತಾಗಿತು. ನನ್ನ ಸುಳ್ಳಿನಿಂದ ಒಬ್ಬಳು ತನ್ನ ಕೈಯನ್ನೇ ನಂಬದೆ ನಾಲ್ಕು ದಿನ ಕಳೆದಿದ್ದಳು.

“ತಪ್ಪಾತವಾ” ಎಂದೆ.

“ನೀರ ಹಾಕಿ ನೀವ ಹೊತ್ತು ಬಾಗ್ರಿ” ಎಂದಳು. “ಈ ಸಲ ನಾ ಕೈಯಾಡ್ಸಿ ನೋಡ್ತೀನಿ.”

ಬಾಗಿದೆ. ಅವಳು ಬೆನ್ನ ಮೇಲೆ ಅಂಗೈ ಇಟ್ಟು ನೋಡಿದಳು. ಒಣಗಿತ್ತು. ಬರುವಾಗ ಚೀಲದಲ್ಲಿ ನಾಲ್ಕು ದಾಳಿಂಬೆ ಹಾಕಿ, “ಇವು ನಿಮಗಲ್ಲ, ನಿಮ್ಮ ಸೊಸಿಗೆ” ಎಂದಳು.

ಈಗ ಪ್ರತಿ ವಿಡಿಯೋದಲ್ಲಿ ನನಗೊಂದು ಕೆಲಸ ಇದೆ. ಸೊಸೆ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಡುವ ಮೊದಲು ನಾನು ಅದನ್ನು ತಲೆಕೆಳಗೆ ಹಿಡಿದು, ತಳದ ಟೇಪನ್ನು ಉಗುರಿನಿಂದ ಕೆರೆದು ನೋಡಿ, ಎರಡು ಪದರ ಇದೆಯೋ ಒಂದೇ ಇದೆಯೋ ಹೇಳಬೇಕು. ಇಂಥದ್ದನ್ನು ಗುರುತಿಸಲು ನನಗಿಂತ ಹೆಚ್ಚು ತಿಳಿದವರು ಈ ತಾಲ್ಲೂಕಿನಲ್ಲಿ ಇಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ಹೊಗಳಿಕೆಯಲ್ಲ. ಆದರೂ ನಾನು ಆ ಕೆಲಸಕ್ಕೆ ತಲೆಗೆ ಟೊಪ್ಪಿಗೆ ಹಾಕಿಕೊಂಡು ಕೂಡುತ್ತೇನೆ. ಬೇರೆ ಯಾವ ಮನೆಯಲ್ಲಾದರೂ ನನ್ನನ್ನು ಗೋದಾಮಿನ ಖೋಲಿಯಿಂದ ದೂರ ಇಡುತ್ತಿದ್ದರು. ಈ ಮನೆಯಲ್ಲಿ ನನ್ನ ಕೆಟ್ಟ ವಿದ್ಯೆಗೇ ಒಂದು ಸಾಲು ಕೊಟ್ಟರು, ಅದೂ ಈಗ ಎಲ್ಲಕ್ಕೂ ಮೊದಲನೆಯ ಸಾಲು.

ಮೊನ್ನೆ ಯಳವಿಯವಳ ಫೋನು ಬಂತು. ಜತ್ತದ ಅಂಗಡಿಯಲ್ಲಿ ನಿಂತಿದ್ದಳು. ದಾಳಿಂಬೆಯ ಟೊಂಗೆ ಕತ್ತರಿಸುವ ಬ್ಯಾಟರಿ ಕತ್ತರಿ ಹೊಸದು ಬಂದಿದೆ, ತೆಗೆದುಕೊಳ್ಳಲೋ ಬೇಡವೋ ಎಂದು ಕೇಳಿದಳು. ಸೊಸೆ, “ಅದನ್ನ ನಾ ಇನ್ನೂ ನೋಡಿಲ್ರಿ ಅಕ್ಕಾರ. ಚಲೋ ಅಂತೂ ಅನ್ನಾಕ ಬರೂದಿಲ್ಲ, ಕೆಟ್ಟ ಅಂತೂ ಅನ್ನಾಕ ಬರೂದಿಲ್ಲ” ಎಂದಳು.

ಆ ಕಡೆ ಅಂಗಡಿಯವನು ಏನೋ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಅವನ ದನಿಯನ್ನು ನಾನು ಚೆನ್ನಾಗಿ ಬಲ್ಲೆ. ನಲವತ್ತು ವರ್ಷ ಅದು ನನ್ನ ದನಿ ಆಗಿತ್ತು.

“ಹಂಗಾರ ಇಡ್ರಿ ಅದನ್ನ ಒಳಗ” ಎಂದಳು ಅವಳು ಅಂಗಡಿಯವನಿಗೆ. ಆಮೇಲೆ ಫೋನಿಗೆ: “ನೀ ನೋಡಿದ ಮ್ಯಾಲ ತಗೋತೀನಿ ತಂಗಿ. ಕಾಕಾಗ ತಳ ನೋಡಾಕ ಹೇಳು.”

ಸೊಸೆ ಫೋನು ಇಟ್ಟು, ನೋಟಬುಕ್ಕು ತೆಗೆದು, ಪಟ್ಟಿ ಹಿಡಿದು ಗೆರೆ ಎಳೆದಳು. ನಾನು ಹೋಗಿ ಬಾಗಿಲು ಪೂರ್ತಿ ತೆರೆದೆ, ಮೇಜಿನ ಮೇಲೆ ಬೆಳಕು ಬರಲಿ ಎಂದು.